ಗಂಡ ಹೆಂಡಿರ ನಡುವಿನ ಕಾಗದ
(ಗಿರಣಿ ಕಾರ್ಮಿಕರೂ ಚಿಲ್ಲರೆ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಮದುವೆಗೆ ಮುಂಚೆಯೋ ಆಮೇಲೋ ಗಂಡ ಹೆಂಡಿರು ತಮ್ಮೊಳಗೆ ಬರೆದುಕೊಳ್ಳುವ ಕರಾರುಪತ್ರಕ್ಕೆ ಕಾಯ್ದೆಯಲ್ಲಿ ಎಷ್ಟು ಬೆಲೆ ಎಂಬ ವಿಷಯ ಮಾತನಾಡಬೇಕೆಂದು ನನಗೆ ಹೇಳಿದ್ದೀರಿ. ಇದು ಶ್ರೀಮಂತರ ವಿಷಯ, ಬಂಗಲೆಯುಳ್ಳವರ ತಲೆನೋವು ಎಂದು ಯಾರಾದರೂ ಭಾವಿಸಿದ್ದರೆ ಅದು ಸರಿಯಲ್ಲ. ಬಡವರ ಮನೆಯಲ್ಲಿ ಇಂಥ ಕಾಗದ ಹುಟ್ಟುವುದು ಹೆಚ್ಚು. ಜಗಳವಾಗುತ್ತದೆ, ಹಿರಿಯರು ಕೂರುತ್ತಾರೆ, ಯಾರೋ ಒಬ್ಬರು ಛಾಪಾ ಕಾಗದ ತರುತ್ತಾರೆ, ಪತ್ರ ಬರೆಯುವವನು ತನಗೆ ರೂಢಿಯಾದ ಒಕ್ಕಣೆಯಲ್ಲಿ ಬರೆಯುತ್ತಾನೆ, ನೋಟರಿಯ ಮುದ್ರೆ ಬೀಳುತ್ತದೆ. ಹೆಣ್ಣು ಹೆಬ್ಬೆಟ್ಟು ಒತ್ತುತ್ತಾಳೆ ಅಥವಾ ಸಹಿ ಮಾಡುತ್ತಾಳೆ. ಅಲ್ಲಿಗೆ ಎಲ್ಲ ಮುಗಿಯಿತೆಂದು ಎರಡೂ ಕಡೆಯವರು ತಿಳಿಯುತ್ತಾರೆ. ಮುಗಿಯಿತೇ ಇಲ್ಲವೇ ಎಂಬುದಕ್ಕೆ ನಮ್ಮ ನಾಡಿನದೇ ಒಂದು ಮೊಕದ್ದಮೆ ಉತ್ತರ ಕೊಟ್ಟಿದೆ. ಅದರಿಂದಲೇ ಆರಂಭಿಸುತ್ತೇನೆ.

ಈಗ ಕಲಬುರಗಿ ಎನ್ನುವ ಗುಲ್ಬರ್ಗದಲ್ಲಿ ಒಬ್ಬ ಹೆಣ್ಣುಮಗಳು 1992ರಲ್ಲಿ ಗಂಡನಿಂದ ಜೀವನಾಂಶ ಕೊಡಿಸಬೇಕೆಂದು ಮ್ಯಾಜಿಸ್ಟ್ರೇಟರ ಕೋರ್ಟಿಗೆ ಅರ್ಜಿ ಹಾಕಿದಳು. ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಅರ್ಜಿ ಅದು. ಅರ್ಜಿ ನಡೆಯುತ್ತಿರುವಾಗಲೇ ಇಬ್ಬರೂ ರಾಜಿಪತ್ರ ಬರೆದು ಕೋರ್ಟಿಗೆ ಕೊಟ್ಟರು. ಹೆಂಡತಿಗೆ 8,000 ರೂಪಾಯಿ ಒಟ್ಟಾಗಿ ಕೊಡುವುದು, ಅವಳು ಮುಂದೆ ಎಂದಿಗೂ ಜೀವನಾಂಶ ಕೇಳದಿರುವುದು, ಇದು ರಾಜಿಯ ಸಾರ. 1994ರಲ್ಲಿ ಕೋರ್ಟು ಅದನ್ನೇ ಆದೇಶವಾಗಿ ಬರೆಯಿತು. ಗಮನಿಸಿ, ಇದು ಬೀದಿಯಲ್ಲಿ ಬರೆದ ಕಾಗದವಲ್ಲ, ಕೋರ್ಟಿನ ಮುಂದೆ ಇಟ್ಟು ಮೊಹರು ಬಿದ್ದ ಕಾಗದ.

ಎಂಟು ಸಾವಿರ ಎಷ್ಟು ದಿನ ಬಂದೀತು? ವರ್ಷಗಳ ಮೇಲೆ ಆಕೆ ಹಳೆಯ ಆದೇಶ ರದ್ದುಮಾಡಿ ಎಂದು ಅರ್ಜಿ ಹಾಕಿದಳು. ಅದು ಬಿದ್ದುಹೋಯಿತು. ಆಮೇಲೆ 2005ರಲ್ಲಿ ಬೇರೆ ದಾರಿ ಹಿಡಿದು, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 18ನೇ ಕಲಮಿನಂತೆ ಕುಟುಂಬ ನ್ಯಾಯಾಲಯದಲ್ಲಿ ದಾವೆ ಹೂಡಿದಳು. ಗಂಡ ಎದ್ದುನಿಂತು, “ರಾಜಿಯಾಗಿದೆ, ಹಣ ತೆಗೆದುಕೊಂಡಿದ್ದಾಳೆ, ಇನ್ನು ಕೇಳುವುದಿಲ್ಲವೆಂದು ಬರೆದುಕೊಟ್ಟಿದ್ದಾಳೆ, ದಾವೆಯೇ ನಿಲ್ಲದು” ಎಂದು ವಾದಿಸಿದ. ಕುಟುಂಬ ನ್ಯಾಯಾಲಯ ಒಪ್ಪಲಿಲ್ಲ, ತಿಂಗಳಿಗೆ 2,000 ರೂಪಾಯಿ ಕೊಡತಕ್ಕದ್ದೆಂದಿತು. ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. 2013ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಗಂಡನ ಮನವಿಯನ್ನು ವಜಾ ಮಾಡಿತು. ಜೀವನಾಂಶದ ಹಕ್ಕನ್ನೇ ಬಿಟ್ಟುಕೊಡುವ ಕರಾರು ಸಾರ್ವಜನಿಕ ನೀತಿಗೆ ವಿರುದ್ಧ, ಅದು ಅನೂರ್ಜಿತ, ಅದರ ಮೇಲೆ ಕೋರ್ಟು ರಾಜಿಯ ಮುದ್ರೆ ಹಾಕಿದ್ದರೂ 18ನೇ ಕಲಮಿನ ಹಕ್ಕಿಗೆ ಅಡ್ಡಿಯಾಗದು ಎಂಬುದು ಅದರ ತೀರ್ಮಾನ. ಲೆಕ್ಕ ಹಾಕಿ ನೋಡಿ. ಜೀವನಪೂರ್ತಿ ಹಕ್ಕಿನ ಬೆಲೆಯೆಂದು 1994ರಲ್ಲಿ ಕಟ್ಟಿದ್ದ ಹಣ, ಆಮೇಲೆ ಕೋರ್ಟು ಗೊತ್ತುಮಾಡಿದ ಜೀವನಾಂಶದ ನಾಲ್ಕು ತಿಂಗಳ ಮೊತ್ತ!

ಇದಕ್ಕೆ ಆಧಾರ 1872ರ ಕರಾರು ಕಾಯ್ದೆಯಲ್ಲೇ ಇದೆ. ಕರಾರಿನ ಉದ್ದೇಶ ಕಾನೂನಿಗೆ ವಿರುದ್ಧವಾಗಿದ್ದರೆ, ಇಲ್ಲವೆ ಒಂದು ಕಾನೂನಿನ ಉದ್ದೇಶವನ್ನೇ ಬುಡಮೇಲು ಮಾಡುವಂತಿದ್ದರೆ, ಇಲ್ಲವೆ ಸಾರ್ವಜನಿಕ ನೀತಿಗೆ ವಿರುದ್ಧವಾಗಿದ್ದರೆ ಅದು ಅನೂರ್ಜಿತ ಎಂದು 23ನೇ ಕಲಮು ಹೇಳುತ್ತದೆ. ಗಿರಣಿಯ ಗೆಳೆಯರಿಗೆ ಇದು ಹೊಸ ಮಾತಲ್ಲ. 1948ರ ಕನಿಷ್ಠ ವೇತನ ಕಾಯ್ದೆ ಬಂದಾಗ ಅದರ 25ನೇ ಕಲಮು ಏನು ಹೇಳಿತ್ತು? ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುತ್ತೇನೆಂದು ಕಾರ್ಮಿಕನೇ ಬರೆದುಕೊಟ್ಟರೂ ಆ ಬರಹ ಶೂನ್ಯ ಎಂದಿತ್ತು. ಹಸಿದವನು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾನೆಂಬುದು ಆ ಕಾಯ್ದೆ ಬರೆದವರಿಗೆ ಗೊತ್ತಿತ್ತು. ಗಂಡನ ಮನೆಯಿಂದ ಹೊರಬಿದ್ದು, ತವರಿಗೂ ಭಾರವಾಗಿ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಪಂಚಾಯಿತಿಯ ಮುಂದೆ ನಿಂತವಳ ಸಹಿಯೂ ಆ ಜಾತಿಯದೇ. ಅವಳು ಬೀದಿಪಾಲಾದರೆ ಆ ಹೊರೆ ಸಮಾಜದ ಮೇಲೆ ಬೀಳುತ್ತದೆ. ಆದ್ದರಿಂದ ಆ ಹಕ್ಕನ್ನು ಗಂಡ ಹೆಂಡಿರಿಬ್ಬರೇ ಕೂತು ಅಳಿಸುವಂತಿಲ್ಲ.

ಆದರೆ ಈ ತೀರ್ಪಿನ ಎಲ್ಲೆಯನ್ನೂ ತಿಳಿಯಬೇಕು. ಗುಲ್ಬರ್ಗದ ಆಕೆ ಇನ್ನೂ ಅವನ ಹೆಂಡತಿಯಾಗಿಯೇ ಇದ್ದಳು, ವಿಚ್ಛೇದನ ಆಗಿರಲಿಲ್ಲ. 18ನೇ ಕಲಮಿನ ಹಕ್ಕು ಹಿಂದೂ ಹೆಂಡತಿಗೆ ಸೇರಿದ್ದು. ಕೋರ್ಟಿನಲ್ಲಿ ವಿಚ್ಛೇದನವೇ ಆಗಿ, ಆ ಬಳಿಕ ಹೆಣ್ಣು ತನ್ನ ಇಚ್ಛೆಯಿಂದ ಜೀವನಾಂಶದ ಹಕ್ಕನ್ನು ಬಿಟ್ಟುಕೊಟ್ಟರೆ ಕಥೆ ಬೇರೆ. 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಅದೇ ಸಂಹಿತೆಯ 146ನೇ ಕಲಮಿನಂತೆ, ವಿಚ್ಛೇದನ ಪಡೆದವಳು ಅದರ ನಂತರ ಸ್ವ ಇಚ್ಛೆಯಿಂದ ಹಕ್ಕು ಬಿಟ್ಟುಕೊಟ್ಟಿದ್ದರೆ ಮ್ಯಾಜಿಸ್ಟ್ರೇಟರು ಜೀವನಾಂಶದ ಆದೇಶವನ್ನು ರದ್ದುಪಡಿಸಬಹುದು. ಇಲ್ಲಿ “ನಂತರ” ಎಂಬ ಮಾತಿಗೂ “ಸ್ವ ಇಚ್ಛೆ” ಎಂಬ ಮಾತಿಗೂ ತೂಕವಿದೆ. ಮದುವೆಯ ದಿನ ಬರೆಸಿಕೊಂಡದ್ದು, ಜಗಳದ ದಿನ ಬರೆಸಿಕೊಂಡದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಹಣ ಕೊಟ್ಟ ಗಂಡನಿಗೂ ಒಂದು ಮಾತು ಹೇಳಬೇಕು, ಏಕಪಕ್ಷೀಯವಾಗಿ ಮಾತನಾಡಲು ನಾನು ಬಂದಿಲ್ಲ. ಕಾಗದ ಬಿದ್ದುಹೋಯಿತೆಂದರೆ ಅವನು ಕೊಟ್ಟ ಹಣ ಗಾಳಿಗೆ ಹೋಗುವುದಿಲ್ಲ. ಎಷ್ಟು ಕೊಡಬೇಕೆಂದು ನಿರ್ಧರಿಸುವಾಗ ಕೋರ್ಟು ಹಿಂದೆ ಕೊಟ್ಟದ್ದನ್ನು ನೋಡುತ್ತದೆ. ಒಂದು ಕಾಯ್ದೆಯ ಕೆಳಗೆ ಜೀವನಾಂಶದ ಆದೇಶವಾಗಿದ್ದರೆ ಇನ್ನೊಂದರ ಕೆಳಗೆ ಆದೇಶ ಮಾಡುವಾಗ ಅದನ್ನು ಹೊಂದಿಸಿ ನೋಡಬೇಕೆಂದೂ, ಇಬ್ಬರೂ ತಮ್ಮ ಆದಾಯ ಆಸ್ತಿಗಳ ಪ್ರಮಾಣಪತ್ರ ಸಲ್ಲಿಸಬೇಕೆಂದೂ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಆದ್ದರಿಂದ ಕೊಡುವವನು ಬ್ಯಾಂಕಿನ ಮೂಲಕ ಕೊಡಲಿ, ರಶೀದಿ ಇಟ್ಟುಕೊಳ್ಳಲಿ. ಹಿರಿಯರೆದುರು ಕೈಗಿತ್ತೆ ಎಂಬ ಮಾತು ಹತ್ತು ವರ್ಷದ ಮೇಲೆ ರುಜುವಾತಾಗುವುದು ಕಷ್ಟ. ಆ ಹಿರಿಯರೇ ಇರುವುದಿಲ್ಲ.

ಈಗ ಇದೇ ಬಗೆಯ ಕಾಗದದಲ್ಲಿ ಅಡಗಿರುವ ಒಂದು ಮುಳ್ಳನ್ನು ತೋರಿಸುತ್ತೇನೆ. ಪತ್ರ ಬರೆಯುವವರು ರೂಢಿಯ ಮೇಲೆ, “ನಾವಿಬ್ಬರೂ ಪರಸ್ಪರ ಒಪ್ಪಿ ಬೇರೆ ಬೇರೆ ವಾಸಿಸುತ್ತಿದ್ದೇವೆ” ಎಂದು ಒಂದು ಸಾಲು ಸೇರಿಸುತ್ತಾರೆ. ಕೇಳಲು ಮರ್ಯಾದೆಯ ಮಾತು. ಆದರೆ ಪರಸ್ಪರ ಸಮ್ಮತಿಯಿಂದ ಬೇರೆ ಇರುವ ಹೆಂಡತಿಗೆ ಜೀವನಾಂಶವಿಲ್ಲ ಎಂದು 144ನೇ ಕಲಮಿನ ನಾಲ್ಕನೆಯ ಉಪಕಲಮು ಹೇಳುತ್ತದೆ. ಹಕ್ಕು ಬಿಟ್ಟೆ ಎಂಬ ಸಾಲು ಬಿದ್ದುಹೋದರೂ ಈ ಒಂದು ಸಾಲನ್ನು ಹಿಡಿದು ಗಂಡನ ಕಡೆಯ ವಕೀಲ ಗಂಟೆಗಟ್ಟಲೆ ವಾದಿಸಬಲ್ಲ. ಹೊಡೆದು ಹೊರಗೆ ಹಾಕಿದ್ದರೆ, ಇನ್ನೊಬ್ಬಳನ್ನು ಮನೆಗೆ ತಂದಿದ್ದರೆ, ಆ ಕಾರಣವನ್ನೇ ಬರೆಯಬೇಕು. ಮನೆತನದ ಮಾನಕ್ಕೆಂದು ಕಾರಣ ಮುಚ್ಚಿಟ್ಟು “ಸಮ್ಮತಿ” ಎಂದು ಬರೆಸುವ ಹಿರಿಯರು ಆ ಹುಡುಗಿಯ ಅನ್ನದ ದಾರಿಗೆ ತಾವೇ ಮುಳ್ಳು ಹಾಕುತ್ತಿರುತ್ತಾರೆ.

ಇದುವರೆಗೆ ಹೆಣ್ಣು ಬರೆದುಕೊಟ್ಟದ್ದನ್ನು ನೋಡಿದೆವು. ಗಂಡನೇ ಕೊಡುತ್ತೇನೆಂದು ಬರೆದುಕೊಟ್ಟರೆ? ಅದಾದರೂ ನಿಲ್ಲಬೇಕಷ್ಟೆ ಎಂದು ನೀವು ಕೇಳಬಹುದು. 1900ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಇಂಥ ಒಂದು ಪತ್ರ ಬಂತು. ಗಂಡ ಹೆಂಡತಿಗೆ ಬೇರೆ ವಾಸಕ್ಕೂ ಜೀವನಕ್ಕೂ ಹಣ ಕೊಡುವೆನೆಂದು ಬರೆದು ನೋಂದಣಿಯನ್ನೂ ಮಾಡಿಸಿದ್ದ. ಕರಾರಿಗೆ ಪ್ರತಿಫಲ ಬೇಕು. ಪ್ರತಿಫಲವಿಲ್ಲದ ಮಾತು ನಿಲ್ಲಬೇಕಾದರೆ ಅದು ಹತ್ತಿರದ ಬಂಧುಗಳ ನಡುವೆ ಸಹಜ ಪ್ರೀತಿ ವಾತ್ಸಲ್ಯದಿಂದ ಬರೆದದ್ದಾಗಿದ್ದು ನೋಂದಣಿಯಾಗಿರಬೇಕು ಎಂಬುದು ಕರಾರು ಕಾಯ್ದೆಯ 25ನೇ ಕಲಮು. ಆ ಪತ್ರದ ಆರಂಭದಲ್ಲೇ ಗಂಡ ಹೆಂಡಿರ ಜಗಳಗಳ ವರ್ಣನೆಯಿತ್ತು. ಇಷ್ಟು ಜಗಳವಿದ್ದ ಕಡೆ ಪ್ರೀತಿ ಎಲ್ಲಿಂದ ಬಂತು ಎಂದು ಕೋರ್ಟು ಕೇಳಿತು. ಪ್ರತಿಫಲವೂ ಇಲ್ಲ, ಪ್ರೀತಿಯೂ ಇಲ್ಲ, ಪತ್ರ ಬಿತ್ತು! ರಿಜಿಸ್ಟ್ರಿ ಮಾಡಿಸಿದರೆ ಎಲ್ಲ ಗಟ್ಟಿ ಎಂದು ನಂಬಿದವರು ಈ ಪತ್ರವನ್ನು ನೆನಪಿಡಬೇಕು. ಸಬ್ ರಿಜಿಸ್ಟ್ರಾರರ ಮುದ್ರೆ ಕಾಗದ ಬರೆದದ್ದು ನಿಜ ಎಂಬುದಕ್ಕೆ ಸಾಕ್ಷಿ, ಅದರೊಳಗಿನ ಮಾತು ಕಾಯ್ದೆಗೆ ಸರಿ ಎಂಬುದಕ್ಕಲ್ಲ.

ಅದೇ ಗಂಡ ಆ ಮಾತನ್ನು ಹೆಂಡತಿ ಹೂಡಿದ್ದ ದಾವೆ ಹಿಂತೆಗೆದುಕೊಂಡದ್ದಕ್ಕೆ ಪ್ರತಿಯಾಗಿ ಬರೆದಿದ್ದರೆ ಅಲ್ಲಿ ಪ್ರತಿಫಲವಿರುತ್ತಿತ್ತು. ಇಲ್ಲವೆ, ಮುಂದೆ ಕೊಡುತ್ತೇನೆಂಬ ಬರಿಯ ಮಾತಿನ ಬದಲು ಒಂದು ಮನೆಯನ್ನೋ ನಿವೇಶನವನ್ನೋ ಇಬ್ಬರು ಸಾಕ್ಷಿಗಳ ಸಹಿಯೊಡನೆ ನೋಂದಾಯಿತ ದಾನಪತ್ರದಿಂದ ಅವಳ ಹೆಸರಿಗೆ ಮಾಡಿದ್ದರೆ ಪ್ರತಿಫಲದ ಪ್ರಶ್ನೆಯೇ ಏಳುತ್ತಿರಲಿಲ್ಲ. ದಾನಕ್ಕೆ ಪ್ರತಿಫಲ ಬೇಡ. ಮಾಡಿಮುಗಿಸಿದ ವರ್ಗಾವಣೆ ನಿಲ್ಲುತ್ತದೆ, ನಾಳೆ ಮಾಡುತ್ತೇನೆಂಬ ಮಾತು ಅಲುಗಾಡುತ್ತದೆ.

ಮದುವೆಗೆ ಮುಂಚಿನ ಕರಾರಿನ ಕಡೆ ತಿರುಗೋಣ. ನಮ್ಮಲ್ಲಿ ಮನೆ ಅಳಿಯನನ್ನು ತರುವ ಪದ್ಧತಿ ಇದೆ. ಅಳಿಯ ಅತ್ತೆ ಮಾವನ ಮನೆಯಲ್ಲೇ ಇರತಕ್ಕದ್ದು ಎಂದು ಮೊದಲೇ ಬರೆಸಿಕೊಂಡರೆ ಅವನನ್ನು ಕಟ್ಟಿಹಾಕಬಹುದೇ? 1901ರಲ್ಲಿ ಇದೂ ಕಲ್ಕತ್ತಾದಲ್ಲೇ ತೀರ್ಮಾನವಾಯಿತು. ಅಳಿಯ ಸದಾ ಅತ್ತೆಯ ಮನೆಯಲ್ಲಿದ್ದು ಅವಳ ಮಾತಿನಂತೆ ನಡೆಯುವನೆಂದು ಮದುವೆಗೆ ಮುಂಚೆ ಕರಾರಾಗಿತ್ತು. ಮುಂದೆ ಅವನು ಬೇರೆ ಹೋಗಿ ಹೆಂಡತಿಯನ್ನು ಕರೆದ. ಕರಾರು ಹಿಂದೂ ನ್ಯಾಯಕ್ಕೂ ಸಾರ್ವಜನಿಕ ನೀತಿಗೂ ವಿರುದ್ಧ ಎಂದು ಹೈಕೋರ್ಟು ತಳ್ಳಿಹಾಕಿತು. ಗಂಡ ಹೇಳಿದ ಕಡೆ ಹೆಂಡತಿ ಇರಬೇಕೆಂಬ ಆ ಕಾಲದ ಭಾವನೆ ಆ ತೀರ್ಪಿನ ತುಂಬ ಇದೆ, ಅದನ್ನು ನಾನು ಮೆಚ್ಚುವವನಲ್ಲ. ಆದರೆ ಅದರ ತಿರುಳು ಇಂದಿಗೂ ಉಳಿದಿದೆ. ಗಂಡ ಹೆಂಡಿರು ಹೇಗೆ ಬಾಳಬೇಕು, ಎಂದು ಬೇರಾಗಬೇಕು ಎಂಬುದನ್ನು ಮುಂಚೆಯೇ ಕರಾರಿನಿಂದ ಬಿಗಿಯಲು ಹಿಂದೂ ಮದುವೆಯಲ್ಲಿ ಕೋರ್ಟುಗಳು ಒಪ್ಪುವುದಿಲ್ಲ. ವರದಕ್ಷಿಣೆಯ ಕರಾರಂತೂ 1961ರ ಕಾಯ್ದೆಯ 5ನೇ ಕಲಮಿನಂತೆ ಹುಟ್ಟುವಾಗಲೇ ಸತ್ತದ್ದು.

ಎಲ್ಲ ಮತದವರಿಗೂ ಹೀಗೆಯೇ ಇಲ್ಲ. ಮುಸಲ್ಮಾನ ಬಂಧುಗಳಲ್ಲಿ ನಿಕಾಹ್ ಎಂಬುದೇ ಒಂದು ಕರಾರು. ಮಹರ್ ಗಂಡನ ತಲೆಯ ಮೇಲಿನ ಸಾಲ, ಅವನು ಸತ್ತರೆ ಅವನ ಆಸ್ತಿಯಿಂದಲೂ ವಸೂಲಾಗಬೇಕು. ಇಂಥ ಸಂದರ್ಭದಲ್ಲಿ ಹೆಂಡತಿ ತಾನೇ ವಿಚ್ಛೇದನ ತೆಗೆದುಕೊಳ್ಳಬಹುದು ಎಂದು ಗಂಡ ಅಧಿಕಾರ ಬರೆದುಕೊಟ್ಟರೆ, ಷರತ್ತು ನ್ಯಾಯವಾಗಿದ್ದಲ್ಲಿ ಕೋರ್ಟುಗಳು ಅದನ್ನು ಮಾನ್ಯ ಮಾಡಿವೆ. ಹಿಂದೂ ಹೆಣ್ಣಿಗೆ ಕರಾರಿನಿಂದ ಸಿಗದ ಬಲ ಇದು, ನಿಕಾಹ್‌ನಾಮೆ ಬರೆಸುವ ತಂದೆಯರು ಇದನ್ನು ಬಳಸುವುದು ತೀರ ಕಡಿಮೆ. ಆದರೆ ಅಲ್ಲಿಯೂ ಜೀವನಾಂಶವೇ ಬೇಡವೆಂಬ ಷರತ್ತು ನಿಲ್ಲದು. ವಿಚ್ಛೇದಿತ ಮುಸ್ಲಿಂ ಹೆಂಗಸೂ 125ನೇ ಕಲಮಿನ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟು 2024ರಲ್ಲಿ ಮತ್ತೆ ಹೇಳಿದೆ. ನಮ್ಮ ನೆರೆಯ ಗೋವೆಯಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ಉಳಿದಿರುವುದರಿಂದ ಅಲ್ಲಿಯವರು ಮದುವೆಗೆ ಮೊದಲೇ ಆಸ್ತಿಯ ಕರಾರು ಬರೆದುಕೊಳ್ಳಬಹುದು. ಕಾರವಾರದವರು ಅದನ್ನು ಕಂಡು ಇಲ್ಲಿಯೂ ಹಾಗೆಯೇ ಎಂದುಕೊಳ್ಳಬಾರದು.

ಬಿಡುಗಡೆಯ ಕಾಗದದ ಮಾತು ಉಳಿಯಿತು. ಸೋಡಚೀಟಿ ಎನ್ನಿ, ಬಿಡುಗಡೆ ಪತ್ರ ಎನ್ನಿ, ಇದರಷ್ಟು ಮನೆ ಮುರಿದ ಕಾಗದ ಇನ್ನೊಂದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಜಾತಿಯ ರೂಢಿಯಿಂದ ಬಂದ ವಿಚ್ಛೇದನವನ್ನು ಉಳಿಸಿದೆ, ನಿಜ. ಆದರೆ ನಮ್ಮ ಜಾತಿಯಲ್ಲಿ ಅಂಥ ರೂಢಿ ಉಂಟು ಎನ್ನುವವನು ಅದನ್ನು ಕೋರ್ಟಿನಲ್ಲಿ ಸ್ಪಷ್ಟವಾಗಿ ಹೇಳಿ ಸಾಕ್ಷಿಯಿಂದ ಸಿದ್ಧಪಡಿಸಬೇಕು, ಇಲ್ಲದಿದ್ದರೆ ಅಂಥ ಪತ್ರ ಸಾರ್ವಜನಿಕ ನೀತಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. ಅದೂ ಕರ್ನಾಟಕದಿಂದ ಹೋದ ಮೊಕದ್ದಮೆಯೇ. ರೂಢಿ ಸಿದ್ಧವಾಗದಿದ್ದರೆ ಮದುವೆ ಹಾಗೆಯೇ ಇದೆ. ಕಾಗದ ನಂಬಿ ಇನ್ನೊಂದು ಮದುವೆಯಾದವನ ಎರಡನೆಯ ಮದುವೆ ಶೂನ್ಯ, ಮೇಲೆ ದ್ವಿಪತ್ನಿತ್ವದ ಅಪರಾಧಕ್ಕೆ ಏಳು ವರ್ಷದವರೆಗೆ ಸಜೆ. ಬಹಳ ಸಲ ಇದು ಬಯಲಾಗುವುದು ಅವನು ಸತ್ತ ಮೇಲೆ, ಭವಿಷ್ಯನಿಧಿಗೂ ಪಿಂಚಣಿಗೂ ಇಬ್ಬರು ಹೆಂಗಸರು ಕಚೇರಿಯ ಬಾಗಿಲಲ್ಲಿ ಬಂದು ನಿಂತಾಗ. ಇಬ್ಬರೂ ಒಪ್ಪಿದ್ದರೆ 13ಬಿ ಕಲಮಿನಂತೆ ಕೋರ್ಟಿಗೇ ಹೋಗಲಿ. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿಯ ಮೇಲೆ ಆರು ತಿಂಗಳು ಕಾಯಬೇಕು. ತಕ್ಕ ಕಾರಣವಿದ್ದರೆ ಆ ಆರು ತಿಂಗಳನ್ನು ಕೋರ್ಟು ಬಿಡಬಹುದು ಎಂದು 2017ರಲ್ಲಿ ತೀರ್ಪಾಗಿದೆ.

ಇಷ್ಟನ್ನೂ ಒಂದು ಕಾಗದದ ಮೇಲೆ ಇಟ್ಟು ನೋಡೋಣ. ಒಬ್ಬ ಕಿರಾಣಿ ಅಂಗಡಿಯವನು, ಅವನ ಹೆಂಡತಿ ಗಿರಣಿಯ ಕೆಲಸದವಳು ಎಂದು ಇಟ್ಟುಕೊಳ್ಳಿ. ಮನಸ್ತಾಪದ ಮೇಲೆ ಮತ್ತೆ ಕೂಡಿ ಬಾಳಲು ಒಪ್ಪಿ ಕಾಗದ ಬರೆಯುತ್ತಾರೆ. ಅಂಗಡಿ ಗಂಡನದು ಎಂಬುದು ಮೊದಲ ಷರತ್ತು. ಇದರಿಂದ ತೊಂದರೆಯಿಲ್ಲ. ನಮ್ಮ ಹಿಂದೂ ಕಾನೂನಿನಲ್ಲಿ ಮದುವೆಯಾದ ಮಾತ್ರಕ್ಕೆ ಗಂಡನ ಗಳಿಕೆಯಲ್ಲಿ ಹೆಂಡತಿಗೆ ಅವನು ಬದುಕಿರುವಾಗ ಪಾಲು ಹುಟ್ಟುವುದಿಲ್ಲ. ಆದರೆ ಅಂಗಡಿಯ ಬಂಡವಾಳದಲ್ಲಿ ಅವಳ ಸಂಬಳದ 50,000 ರೂಪಾಯಿ ಸೇರಿದ್ದರೆ ಅದನ್ನು ಅಲ್ಲೇ ಬರೆಯಿಸಬೇಕು. ಬರೆಯದಿದ್ದರೆ ಆ ಹಣ ಹೋದಂತೆಯೇ. ಮುಂದಿನ ಷರತ್ತು ಅವಳ ಒಡವೆಯ ಪಟ್ಟಿ, ಸರ ಇಷ್ಟು ಗ್ರಾಂ, ಬಳೆ ಇಷ್ಟು ಗ್ರಾಂ ಎಂದು. ಇದು ಇಡೀ ಕಾಗದದಲ್ಲಿ ಅತ್ಯಂತ ಉಪಯುಕ್ತವಾದ ಪುಟ. ಸ್ತ್ರೀಧನ ಅವಳದು, ಗಂಡನ ಕೈಯಲ್ಲಿದ್ದರೆ ಅವನು ಕಾಯುವವನು ಮಾತ್ರ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಕೋರ್ಟಿನಲ್ಲಿ ಸೋಲುವುದು ಹಕ್ಕಿಲ್ಲದೆ ಅಲ್ಲ, ಏನೇನು ಇತ್ತು ಎಂಬ ಪಟ್ಟಿಯಿಲ್ಲದೆ.

ಮುಂದೆ ಬೇರೆಯಾಗಬೇಕಾಗಿ ಬಂದರೆ ತಿಂಗಳಿಗೆ 6,000 ರೂಪಾಯಿ ಕೊಡುವುದು, ಅವಳು ಅದಕ್ಕಿಂತ ಹೆಚ್ಚನ್ನು ಯಾವ ಕೋರ್ಟಿನಲ್ಲೂ ಕೇಳದಿರುವುದು ಎಂದು ಮೂರನೆಯ ಷರತ್ತು ಬರೆದರೆ ಅಲ್ಲಿ ತೊಡಕು. ಕೇಳದಿರುವುದು ಎಂಬ ಅರ್ಧ ಅನೂರ್ಜಿತ. ಅಷ್ಟೇ ಅಲ್ಲ, ಕರಾರು ಕಾಯ್ದೆಯ 24ನೇ ಕಲಮಿನಂತೆ, ಪ್ರತಿಫಲದ ಒಂದು ಭಾಗ ಕಾಯ್ದೆಗೆ ವಿರುದ್ಧವಾಗಿದ್ದು ಅದನ್ನು ಬೇರ್ಪಡಿಸಲಾಗದಿದ್ದರೆ ಇಡೀ ಕರಾರೇ ಬೀಳುತ್ತದೆ. ಕೊಡುವ ಮಾತನ್ನು ಬಿಡುವ ಮಾತಿನೊಡನೆ ಗಂಟುಹಾಕಿದರೆ, ಬಿಡುವ ಮಾತು ಬೀಳುವಾಗ ಕೊಡುವ ಮಾತನ್ನೂ ಎಳೆದುಕೊಂಡು ಬೀಳುವ ಭಯವಿದೆ. ಭವಿಷ್ಯದಲ್ಲಿ ಬೇರೆಯಾಗುವುದಕ್ಕೆ ಈಗಲೇ ಏರ್ಪಾಡು ಮಾಡುವುದನ್ನೂ ಕೋರ್ಟುಗಳು ಮೊದಲಿನಿಂದ ಸಂಶಯದಿಂದ ನೋಡುತ್ತ ಬಂದಿವೆ. ಆದ್ದರಿಂದ ಈ ಷರತ್ತನ್ನು ಒಡವೆಯ ಪಟ್ಟಿ, ಬಂಡವಾಳದ ಲೆಕ್ಕ ಇರುವ ಪತ್ರದಲ್ಲಿ ಸೇರಿಸಲೇಬಾರದು. ಇದು ಬಿದ್ದರೆ ಅವು ಕೆಡಬಾರದು. ಮಗು ತಂದೆಯ ಬಳಿಯೇ ಇರತಕ್ಕದ್ದು ಎಂಬ ಷರತ್ತಿಗೆ ಕೋರ್ಟು ಕಟ್ಟುಬೀಳುವುದಿಲ್ಲ, ಮಗುವಿನ ಹಿತವನ್ನೇ ನೋಡುತ್ತದೆ. ಮಗುವಿನ ಜೀವನಾಂಶವನ್ನು ತಾಯಿ ಬಿಟ್ಟುಕೊಡಲಾರಳು, ಅದು ಅವಳದಲ್ಲ. ಗಂಡ ಸತ್ತ ಮೇಲೆ ಅವನ ಆಸ್ತಿಯಲ್ಲಿ ಪಾಲು ಕೇಳೆನು ಎಂದು ಈಗಲೇ ಬರೆಸಿಕೊಂಡರೂ ಫಲವಿಲ್ಲ. ಬದುಕಿರುವವನ ಆಸ್ತಿಯಲ್ಲಿ ಮುಂದೆ ಬರಬಹುದಾದ ವಾರಸಿನ ಆಸೆಯನ್ನು ಪರಭಾರೆ ಮಾಡಲು ಬಾರದು. ಅವನಿಗೆ ಬೇರೆ ಇಚ್ಛೆಯಿದ್ದರೆ ತನ್ನ ಸ್ವಂತದ್ದಕ್ಕೆ ಉಯಿಲು ಬರೆಯಲಿ.

ಕೊನೆಗೆ, ಇಂಥ ಕಾಗದಕ್ಕೆ ಈಗಾಗಲೇ ಸಹಿ ಹಾಕಿರುವವರು ಈ ಸಭೆಯಲ್ಲೂ ಇರಬಹುದು. ಅದನ್ನು ಹರಿದು ಬಿಸಾಡಬೇಡಿ. ನಕಲು ನಿಮ್ಮ ಬಳಿ ಇಲ್ಲದಿದ್ದರೆ ಬರೆದವನಿಂದಲೋ ನೋಂದಣಿ ಕಚೇರಿಯಿಂದಲೋ ತೆಗೆದುಕೊಳ್ಳಿ. ಯಾವ ಸಾಲು ನಿಮಗೆ ವಿರುದ್ಧ, ಯಾವುದು ನಿಮ್ಮ ಪರ ಎಂದು ನೋಡಿಸಿ. ಹೆಂಗಸರಿಗೆ ವಕೀಲರ ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣಿಗೂ ಮಗುವಿಗೂ ಆದಾಯ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಪ್ರಾಧಿಕಾರಕ್ಕೆ ಜಿಲ್ಲಾ ಮಟ್ಟದಲ್ಲಿ ಕಚೇರಿಯಿದೆ, ತಾಲೂಕಿನಲ್ಲಿ ಸಮಿತಿಯಿದೆ. 144ನೇ ಕಲಮಿನ ಅರ್ಜಿಯನ್ನು ಗಂಡನಿರುವ ಊರಿನಲ್ಲೇ ಹಾಕಬೇಕೆಂದಿಲ್ಲ, ಹೆಂಡತಿ ಈಗ ವಾಸವಿರುವ ಜಿಲ್ಲೆಯಲ್ಲೂ ಹಾಕಬಹುದು. ಅರ್ಜಿಯೊಡನೆ ಆ ಕಾಗದವನ್ನು ನೀವೇ ಲಗತ್ತಿಸಿ. ಮುಚ್ಚಿಟ್ಟು ಹೋದರೆ ಮುಂದಿನ ವಾಯಿದೆಗೆ ಎದುರುಪಕ್ಷದವರು ಅದನ್ನು ತಂದು ಹಾಜರುಪಡಿಸುತ್ತಾರೆ, ಆಗ ಅದರ ಬಗ್ಗೆ ಮೊದಲ ಮಾತು ಅವರದಾಗುತ್ತದೆ.